ಸಂಪಿನ ನೀರಿಗೆ ಬ್ಲೀಚಿಂಗ್, ಕುಡಿಯೋಕೆ ಕುದಿಸಿದ ನೀರು

ಮಂಡ್ಯ, ಮೈಸೂರು ಕಡೆ ಮಳೆ ಜೋರಾದಾಗ ಎಷ್ಟೋ ಬೀದಿಗಳಲ್ಲಿ ನಲ್ಲಿ ನೀರು ಕೆಂಪಗೆ ಬರುತ್ತದೆ. ಭಯಪಡಬೇಕಾದ್ದು ಬಣ್ಣಕ್ಕಲ್ಲ. ನೀರು ಬಿಡದ ಹೊತ್ತಿನಲ್ಲಿ ಪೈಪು ಖಾಲಿಯಾಗಿ, ಒಡೆದ ಕಡೆಯಿಂದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕಾಲರಾ, ಟೈಫಾಯ್ಡ್ ರೋಗಾಣುಗಳು ಮನೆಗೆ ಬರಲು ಅದೊಂದು ದಾರಿ ಸಾಕು.

ಮೊದಲು ಸಂಪು ನೋಡೋಣ. ಉದ್ದ, ಅಗಲ, ನೀರಿನ ಎತ್ತರ ತಲಾ ಒಂದು ಮೀಟರ್ ಇದ್ದರೆ ಅದರಲ್ಲಿ 1000 ಲೀಟರ್ ನೀರಿರುತ್ತದೆ. ಅದಕ್ಕೆ ಹೊಸ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಸಾಕು, ಅಂದರೆ ಸುಮಾರು ಅರ್ಧ ಟೀ ಚಮಚ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್‌ನಂತೆ ಕಲಸಿ. ಆಮೇಲೆ ಅರ್ಧ ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು ಚೆನ್ನಾಗಿ ಕಲಕಿ.

ಅರ್ಧ ಗಂಟೆ ಬಿಟ್ಟು ಲೋಟದಲ್ಲಿ ತೆಗೆದು ಮೂಸಿ. ಸಣ್ಣಗೆ ಕ್ಲೋರಿನ್ ವಾಸನೆ ಬಂದರೆ ಸರಿ. ಬರಲೇ ಇಲ್ಲವೇ? ಒಂದೋ ಪೌಡರ್ ಹಳೆಯದು, ಇಲ್ಲಾಂದ್ರೆ ನೀರಿನ ಕೆಸರೇ ಕ್ಲೋರಿನ್ ತಿಂದಿದೆ. ಇನ್ನೊಮ್ಮೆ ಅಷ್ಟೇ ಹಾಕಿ ಮತ್ತೆ ಅರ್ಧ ಗಂಟೆ ಕಾಯಿರಿ. ಬಾಯಿ ತೆರೆದಿಟ್ಟ ಪೊಟ್ಟಣ ಮಳೆಗಾಲದಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕೆಂಪು ನೀರಾದರೆ ಮೊದಲು ತಿಳಿಯಾಗಲು ಬಿಡಿ, ಕೆಸರಿದ್ದಾಗ ಕ್ಲೋರಿನ್ ಸುಮ್ನೆ ದಂಡ.

ಕ್ಲೋರಿನ್ ಕಾಲರಾ, ಟೈಫಾಯ್ಡ್ ರೋಗಾಣುಗಳನ್ನು ಕೊಲ್ಲುತ್ತದೆ. ನೀರಿನಲ್ಲೇ ಸ್ವಲ್ಪ ಉಳಿದು ಕಾವಲೂ ಕಾಯುತ್ತದೆ. ಆದರೆ ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂನಂಥ ಕೆಲವು ಪರಾವಲಂಬಿಗಳು ಅದಕ್ಕೆ ಬಗ್ಗುವುದಿಲ್ಲ. ಕುದಿಸಿದರೆ ಅವೂ ಸಾಯುತ್ತವೆ. ಅದಕ್ಕೇ ಕುಡಿಯುವ ನೀರನ್ನು ಬೇರೆಯಾಗಿ ಕುದಿಸಿ ಅನ್ನುವುದು.

ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ ಒಲೆಗಿಡಿ. ತಳದಲ್ಲಿ ಗುಳ್ಳೆ ಎದ್ದರೆ ಸಾಲದು, ನೀರು ಕೊತಕೊತ ಕುದಿಯಬೇಕು. ಹಾಗೆ ಒಂದು ನಿಮಿಷ ಕುದಿದರೆ ನಮ್ಮ ಊರುಗಳ ಎತ್ತರಕ್ಕೆ ಸಾಕು. ಇಪ್ಪತ್ತು ನಿಮಿಷ ಕುದಿಸಿದರೆ ಗ್ಯಾಸ್ ಖರ್ಚು ಅಷ್ಟೇ.

ಎಡವಟ್ಟಾಗುವುದು ಆಮೇಲೆ. ಬೇಗ ಆರಲಿ ಅಂತ ತಣ್ಣೀರು ಬೆರೆಸುತ್ತೇವೆ, ಲೋಟ ಅದ್ದಿ ತೆಗೆಯುತ್ತೇವೆ. ಕುದಿಸಿದ ನೀರಿನಲ್ಲಿ ಕಾವಲಿಗೆ ಏನೂ ಉಳಿದಿರುವುದಿಲ್ಲ, ಬೆರಳಿನ ಕೊಳೆಯೂ ಸಾಕು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ, ನಲ್ಲಿಯಿರುವ ಡ್ರಮ್ಮಿಗೆ ತುಂಬಿ, ಒಂದು ದಿನದೊಳಗೆ ಮುಗಿಸಿ.

ಬೋರ್‌ವೆಲ್ ನೀರಿನ ಫ್ಲೋರೈಡ್, ಗದ್ದೆಯ ಗೊಬ್ಬರದಿಂದ ಇಳಿದ ನೈಟ್ರೇಟ್ ಮಾತ್ರ ಕ್ಲೋರಿನ್‌ಗೂ ಜಗ್ಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಜಾಸ್ತಿ ಹೊತ್ತು ಕುದಿಸಿದಷ್ಟೂ ನೀರು ಇಂಗಿ ಅವು ಗಟ್ಟಿಯಾಗುತ್ತವೆ.

ಅಕ್ಕಿ ತೊಳೆದ ನೀರಿನಂಥ ಭೇದಿ ಶುರುವಾದರೆ ಆ ಗಳಿಗೆಯಿಂದಲೇ ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ. ಕೊಳೆ ನೀರು ಕುಡಿದ ಕೆಲವೇ ಗಂಟೆಗಳಲ್ಲಿ ಕಾಲರಾ ಕಾಣಿಸಿಕೊಳ್ಳಬಹುದು. ಟೈಫಾಯ್ಡ್ ಹಾಗಲ್ಲ, ಸಾಮಾನ್ಯವಾಗಿ ಒಂದರಿಂದ ಮೂರು ವಾರ ಹಿಡಿಯುತ್ತದೆ. ಮೂರು ದಿನವಾದರೂ ಜ್ವರ ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹಿಂದಿನ ವಾರಗಳಲ್ಲಿ ನಲ್ಲಿ ನೀರು ಕೆಂಪಗೆ ಬಂದಿದ್ದನ್ನೂ ಡಾಕ್ಟರಿಗೆ ಹೇಳಿ.