‘ಊ’, ‘ಏ’, ‘ಮಾತ್ರ’: ಎಲ್ಲಿ ಸೇರಿಸಬೇಕು, ಹೇಗೆ ಸೇರಿಸಬೇಕು

ಬರೆಯುವಾಗ ಜಾಸ್ತಿ ಜನ ಎಡವುವುದು ‘ಊ’, ‘ಏ’ಗಳನ್ನು ಎಲ್ಲಿ ಅಂಟಿಸಬೇಕು ಎಂಬಲ್ಲಿ. ಒಂದು ವಾಕ್ಯ ಹಿಡಿದು ನೋಡೋಣ: ರವಿ ಅಮ್ಮನಿಗೆ ಸೀರೆ ತಂದ.

ಮೊದಲು, ಯಾವ ಪದದ ಮೇಲೆ ಒತ್ತು ಬೇಕು ಅಂತ ತೀರ್ಮಾನಿಸಿ. ‘ರವಿಯೂ ತಂದ’ ಎಂದರೆ ಬೇರೆಯವರೂ ತಂದಿದ್ದಾರೆ. ‘ಅಮ್ಮನಿಗೂ ತಂದ’ ಎಂದರೆ ಇನ್ಯಾರಿಗೋ ತಂದು ಅಮ್ಮನಿಗೂ ತಂದ. ‘ಸೀರೆಯನ್ನೂ ತಂದ’ ಎಂದರೆ ಜೊತೆಗೆ ಬೇರೇನೋ ಇತ್ತು. ವಿಭಕ್ತಿ ಪ್ರತ್ಯಯ ಮೊದಲು, ‘ಊ’ ಕೊನೆಗೆ.

ಆಮೇಲೆ ‘ಏ’ ಬೇಕೋ ‘ಮಾತ್ರ’ ಬೇಕೋ ನೋಡಿ. ನಿಧಾನ ಬೇಕಾಗುವುದು ಇಲ್ಲೇ. ‘ರವಿಯೇ ತಂದ’ ಎಂದರೆ ತಂದವನು ರವಿ, ನೀವು ಅಂದುಕೊಂಡ ಇನ್ನೊಬ್ಬರಲ್ಲ. ‘ರವಿ ಮಾತ್ರ ತಂದ’ ಎಂದರೆ ಉಳಿದವರು ತರಲಿಲ್ಲ. ಮೊದಲನೆಯದು ‘ತಂದಿದ್ದು ಯಾರು?’ ಎಂಬುದಕ್ಕೆ ಉತ್ತರ. ಎರಡನೆಯದು ‘ಎಲ್ಲರೂ ತಂದರಾ?’ ಎಂಬುದಕ್ಕೆ. ಅನುಮಾನ ಬಂದರೆ ಈ ಪ್ರಶ್ನೆ ಕೇಳಿಕೊಳ್ಳಿ, ಸಾಕು.

‘ಇಲ್ಲ’ ಸೇರಿದರೆ ಅಂತರ ಇನ್ನೂ ಹೆಚ್ಚು. ‘ರವಿ ಮಾತ್ರ ತರಲಿಲ್ಲ’: ಉಳಿದವರೆಲ್ಲ ತಂದರು. ‘ರವಿಯೇ ತರಲಿಲ್ಲ’: ತಂದೇ ತರುತ್ತಾನೆ ಅಂತ ನಂಬಿದ್ದವನೇ ಕೈಕೊಟ್ಟ. ‘ರವಿಯೂ ತರಲಿಲ್ಲ’: ಬೇರೆಯವರ ಹಾಗೆ ಅವನೂ ಬರಿಗೈಯಲ್ಲಿ ಬಂದ. ‘ಏ’ ಕ್ರಿಯಾಪದಕ್ಕೆ ಹೋದರೆ, ‘ರವಿ ತರಲೇ ಇಲ್ಲ’, ಆಗ ಮಾತು ರವಿಯ ಬಗ್ಗೆ ಅಲ್ಲ, ಕೆಲಸ ಆಗದೆ ಹೋದ ಬಗ್ಗೆ.

ಸಂಖ್ಯೆಯ ಜೊತೆ ‘ಏ’ ಸೇರಿದರೆ ‘ಅಷ್ಟೇ, ಜಾಸ್ತಿ ಇಲ್ಲ’ ಎಂಬ ಅರ್ಥ. ಮೂರೇ ಸೀರೆ ಎಂದರೆ ನಾಲ್ಕನೆಯದಿಲ್ಲ. ಮೂರೂ ಸೀರೆ ಎಂದರೆ ಇದ್ದ ಮೂರರಲ್ಲಿ ಒಂದನ್ನೂ ಬಿಟ್ಟಿಲ್ಲ. ‘ಮೂರಾದರೂ’ ಎಂದರೆ ಅದಕ್ಕಿಂತ ಕಡಿಮೆ ಆಗಬಾರದು.

ಪದಕ್ಕೆ ಜೋಡಿಸುವುದು ಸುಲಭ: ಮನೆಯೂ, ಗುರುವೂ, ಅವನೂ. ‘ಕೇವಲ ರವಿ ಮಾತ್ರ’ ಅಂತ ಬರೆಯಬೇಡಿ. ಎರಡೂ ಒಂದೇ ಕೆಲಸ ಮಾಡುತ್ತವೆ. ನಾನಾದರೆ ‘ಕೇವಲ’ವನ್ನೇ ತೆಗೆದುಹಾಕುತ್ತೇನೆ. ‘ರವಿಯೂ ಕೂಡ’ ಮಾತಿನಲ್ಲಿ ಸರಿ, ಬರಹದಲ್ಲಿ ಒಂದು ಸಾಕು.

ಕೊನೆಗೆ ದೀರ್ಘ ನೋಡಿ. ಟೈಪ್ ಮಾಡುವ ಅವಸರದಲ್ಲಿ ಇದೇ ಕೈತಪ್ಪುವುದು. ‘ಯಾರೂ ಬಂದಿಲ್ಲ’ ಎಂದರೆ ಒಬ್ಬರೂ ಬಂದಿಲ್ಲ. ‘ಯಾರು ಬಂದಿಲ್ಲ’ ಅಂತ ಬರೆದರೆ ಓದುವವರಿಗೆ ಪ್ರಶ್ನೆ ಕೇಳಿದ ಹಾಗಾಗುತ್ತದೆ. ಏನು–ಏನೂ, ಎಲ್ಲಿ–ಎಲ್ಲೂ ಕೂಡ ಹೀಗೇ. ಕಾಗುಣಿತ ತಿದ್ದುವ ತಂತ್ರಾಂಶವನ್ನು ಇಲ್ಲಿ ನಂಬಬೇಡಿ. ಯಾರು, ಯಾರೂ ಎರಡೂ ಸರಿಯಾದ ಪದಗಳೇ, ಹಾಗಾಗಿ ಕೆಂಪು ಗೆರೆ ಬೀಳುವುದಿಲ್ಲ. ವಾಕ್ಯದಲ್ಲಿ ‘ಇಲ್ಲ’ ಇದ್ದು ಪ್ರಶ್ನಾರ್ಥಕ ಚಿಹ್ನೆ ಇಲ್ಲದಿದ್ದರೆ, ಹಿಂದಕ್ಕೆ ಹೋಗಿ ಯಾರು, ಏನು, ಎಲ್ಲಿ ಪದಗಳ ಕೊನೆಯಕ್ಷರ ಒಮ್ಮೆ ನೋಡಿ.