ಹೆಸರು ಓದದೆ ಮಾಡಿದ ಥ್ಯಾಂಕ್ಸ್ ಭಾಷಣ: ನನ್ನ ಅನುಭವ

ಮೂರು ವರ್ಷದ ಹಿಂದೆ ನಮ್ಮ ಮೆಂಟೆನೆನ್ಸ್ ಟೀಮಿಗೆ ಮೊದಲ ಸಲ ‘ವರ್ಷದ ಬೆಸ್ಟ್ ಟೀಮ್’ ಬಂದಿತ್ತು. ಅವತ್ತು ಎಲ್ಲರ ಪರವಾಗಿ ನಾನು ಮಾಡಿದ ಭಾಷಣ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹದಿನೈದು ಹೆಸರು ಬರೆದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗಿಟ್ಟಿದ್ದೆ. ವೇದಿಕೆ ಹತ್ತುವಷ್ಟರಲ್ಲಿ ಬೆವರಿಗೆ ಚೀಟಿ ಒದ್ದೆ. ಎಡಗೈಗೆ ಶೀಲ್ಡ್ ಕೊಟ್ಟರು, ಬಲಗೈಗೆ ಮೈಕು ಕೊಟ್ಟರು, ಚೀಟಿ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರಲಿ? ಶೀಲ್ಡನ್ನು ಕಂಕುಳಲ್ಲಿ ಇರುಕಿಕೊಂಡು ಓದಿದೆ. ಒಂದೊಂದು ಹೆಸರಿಗೂ ಚಪ್ಪಾಳೆ, ಚಪ್ಪಾಳೆ ನಿಲ್ಲುವವರೆಗೆ ನಾನು ಸುಮ್ಮನೆ ನಿಲ್ಲಬೇಕು. ಏಳೆಂಟು ಹೆಸರಾದ ಮೇಲೆ ಚಪ್ಪಾಳೆಯೂ ಸೊರಗಿತು. ಕೊನೆಗೆ ಬಂದವರ ಪಾಲಿಗೆ ಬರೀ ಕೆಮ್ಮು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಗೊತ್ತಾಯಿತು. ನಮ್ಮ ವೆಲ್ಡರ್ ಹೆಸರು ಸರಿಯಾಗಿ ಚೀಟಿಯ ಮಡಿಕೆಯ ಗೆರೆ ಮೇಲೆ ಕೂತಿತ್ತು, ಇಂಕು ಹರಡಿತ್ತು, ನಾನು ಹಾರಿಸಿಬಿಟ್ಟಿದ್ದೆ. ಆ ಮನುಷ್ಯ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಕೆಲಸ ಹೇಳಿದರೆ ಮಾಡುತ್ತಿದ್ದ, ಟೀಗೆ ಕರೆದರೆ ಬರುತ್ತಿರಲಿಲ್ಲ.

ದುಡ್ಡಿನ ಕಥೆಯೂ ಆ ವರ್ಷ ಹಾಗೇ ಆಯಿತು. ಬಹುಮಾನದ 20,000 ನೇರವಾಗಿ ನನ್ನ ಸಂಬಳಕ್ಕೆ ಸೇರಿ ಬಂತು. ಸಂಬಳದ ಜೊತೆ ಬಂದ ಮೇಲೆ ಅದು ನನ್ನ ಆದಾಯವೇ, ನನ್ನ ಸ್ಲ್ಯಾಬಿನಲ್ಲಿ ನಾಲ್ಕು ಸಾವಿರದ ಹತ್ತಿರ ತೆರಿಗೆ ಹಿಡಿದರು. ಟೀಮಿನವರಿಗೆ ಸ್ಲಿಪ್ ತೋರಿಸಿದರೂ ಒಬ್ಬಿಬ್ಬರ ಮುಖದಲ್ಲಿ ಅನುಮಾನ ಹೋಗಲಿಲ್ಲ. ಕೊನೆಗೆ ಕಡಿತದ ದುಡ್ಡನ್ನು ನಾನೇ ಹಾಕಿ ಹಂಚಿದೆ. ಅಂದರೆ ಪ್ರಶಸ್ತಿ ತಗೊಂಡಿದ್ದಕ್ಕೆ ನಾನು ನಾಲ್ಕು ಸಾವಿರ ದಂಡ ಕಟ್ಟಿದ ಹಾಗಾಯಿತು.

ಈ ವರ್ಷ ಮತ್ತೆ ನಮ್ಮ ಟೀಮಿಗೇ ಬಂತು. ಫೆಬ್ರವರಿಯಲ್ಲಿ, ತುಮಕೂರು ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ. ವಾರದ ಮುಂಚೆ ಎಚ್‌ಆರ್‌ನವರು ಕರೆದು “ಮೂರು ನಿಮಿಷ ಸಾರ್, ಹೆಸರೆಲ್ಲ ಸ್ಕ್ರೀನ್ ಮೇಲೆ ಹಾಕ್ತೀವಿ, ನೀವು ಓದಿ ಇಳಿದುಬಿಡಿ” ಅಂದರು. ಹೆಸರು ಓದಲ್ಲ, ಒಂದು ರಾತ್ರಿಯ ಕಥೆ ಹೇಳ್ತೀನಿ ಅಂದೆ. ಪ್ರೊಡಕ್ಷನ್‌ನ ನನ್ನ ದೋಸ್ತ್ ನಕ್ಕುಬಿಟ್ಟ: “ಊಟದ ಟೈಮಲ್ಲಿ ಹರಿಕಥೆನಾ? ಜನ ಎಲೆ ಕಡೆ ಓಡ್ತಾರೆ ನೋಡು.”

ಕಥೆ ಅಂದರೆ ಯಾವುದೋ ಒಂದು ಕಥೆ ನಡೆಯುವುದಿಲ್ಲ. ವರ್ಷದಲ್ಲಿ ನಾವು ಚಿಕ್ಕದು ದೊಡ್ಡದು ಸೇರಿ ನಾನೂರರ ಮೇಲೆ ಬ್ರೇಕ್‌ಡೌನ್ ನೋಡಿದ್ದೇವೆ. ಲಾಗ್ ಬುಕ್ ಇಟ್ಟುಕೊಂಡು ಎರಡು ಭಾನುವಾರ ಕೂತೆ. ಇಡೀ ಫ್ಯಾಕ್ಟರಿಗೆ ಬಿಸಿ ತಟ್ಟಿದ ಘಟನೆ ಬೇಕಿತ್ತು, ಇಲ್ಲದಿದ್ದರೆ ಪ್ಯಾಕಿಂಗ್‌ನವರಿಗೆ ಅದು ನಮ್ಮ ಮನೆ ಗೋಳು. ಇನ್ನೊಂದು, ಯಾರಿಗೂ ಮುಖ ಗೊತ್ತಿಲ್ಲದವರು ಅದರಲ್ಲಿ ಕೆಲಸ ಮಾಡಿರಬೇಕು. ಮುಖ್ಯವಾಗಿ ನಾನು ಅದರಲ್ಲಿ ಹೀರೋ ಆಗಿರಬಾರದು. ಈ ಮೂರನೆಯದರಲ್ಲೇ ನನ್ನ ಮೊದಲ ಡ್ರಾಫ್ಟ್ ಬಿದ್ದಿದ್ದು. ಹೆಂಡತಿ ಮುಂದೆ ಓದಿದಾಗ “ನಾನು ಅಂತ ಎಷ್ಟು ಸಲ ಅಂದ್ರಿ ಎಣಿಸಿದ್ದೀರಾ?” ಅಂದಳು. ಎಣಿಸಿದೆ, ಹನ್ನೊಂದು. ಕೊನೆಯ ಡ್ರಾಫ್ಟಿನಲ್ಲಿ ಎರಡಕ್ಕೆ ಇಳಿಸಿದೆ, ಎರಡೂ ಕಡೆ ನಾನು ತಪ್ಪು ಮಾಡಿದ ಜಾಗ.

ಕೊನೆಗೆ ಉಳಿದದ್ದು ಏಪ್ರಿಲ್‌ನ ಕಂಪ್ರೆಸರ್ ರಾತ್ರಿ. ನಮ್ಮ ಪ್ರೆಸ್‌ಗಳು ಓಡೋಕೆ ಬೇಕಾದ ಒತ್ತಡದ ಗಾಳಿ ಬರುವುದು ಈ ಕಂಪ್ರೆಸರ್‌ನಿಂದಲೇ. ವೇದಿಕೆ ಮೇಲೆ ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು. ಅಲ್ಲಿ ಹೆಸರು ಹಿಡಿದೇ ಹೇಳಿದ್ದೆ. ಇಲ್ಲಿ ಬರೆಯೋಕೆ ಅವರನ್ನು ಕೇಳಿಲ್ಲ, ಹಾಗಾಗಿ ಹೆಸರಿನ ಜಾಗದಲ್ಲಿ ಕೆಲಸ ಹಾಕಿದ್ದೇನೆ.

“ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಎರಡೂಕಾಲಿಗೆ ನಮ್ಮ ಫ್ಯಾಕ್ಟರಿಲಿ ಗಾಳಿ ನಿಂತುಹೋಯ್ತು. ಕಂಪ್ರೆಸರ್ ಟೆಂಪರೇಚರ್ ಏರಿ ಟ್ರಿಪ್ ಆಯ್ತು. ಪ್ರೆಸ್‌ಗಳ ಕ್ಲಚ್ ಬಿಡ್ತು, ಲೈನ್ ನಿಂತ್ಕೊಂತು. ಸ್ಟ್ಯಾಂಡ್‌ಬೈ ಕಂಪ್ರೆಸರ್ ಇತ್ತು, ಆದ್ರೆ ಅದನ್ನ ಹಿಂದಿನ ದಿನವೇ ಓವರ್‌ಹಾಲಿಂಗ್‌ಗೆ ಬಿಚ್ಚಿಸಿದ್ದೆ. ಅದು ನನ್ನ ಪ್ಲಾನಿಂಗ್. ಫೋನಲ್ಲಿ ‘ಕೂಲರ್ ಕಟ್ಟಿದೆ, ಧೂಳು ಹೊಡೀರಿ’ ಅಂದೆ. ನಮ್ಮ ಫಿಟ್ಟರ್ ಅಣ್ಣ ಅಂದ್ರು, ‘ಧೂಳು ಹೊಡೆಯೋಕೆ ಗಾಳಿ ಬೇಕು ಸಾರ್, ಗಾಳಿನೇ ಇಲ್ವಲ್ಲ.’ ಹೌಸ್‌ಕೀಪಿಂಗ್ ಅಕ್ಕ ಆ ಮಾತು ಕೇಳಿ ಎಲೆ ಗುಡಿಸೋ ಕರೆಂಟ್ ಬ್ಲೋವರ್ ಎತ್ತಿಕೊಂಡು ಬಂದ್ರು. ಕೂಲರ್ ಕ್ಲೀನ್ ಆಯ್ತು. ಸ್ಟಾರ್ಟ್ ಮಾಡಿದ್ವಿ, ಇಪ್ಪತ್ತು ನಿಮಿಷಕ್ಕೆ ಮತ್ತೆ ಟ್ರಿಪ್. ಅಂದ್ರೆ ನಾನು ಫೋನಲ್ಲಿ ಹೇಳಿದ್ದು ತಪ್ಪು. ಆಗ ನಮ್ಮ ಅಪ್ರೆಂಟಿಸ್ ಹುಡುಗ, ಕೆಲಸಕ್ಕೆ ಸೇರಿ ಆರು ವಾರ, ಪೈಪ್ ಮುಟ್ಟಿ ನೋಡಿ ಅಂದ, ‘ಅಣ್ಣ, ಟ್ಯಾಂಕ್ ಸುಡ್ತಿದೆ, ಕೂಲರ್‌ಗೆ ಹೋಗೋ ಪೈಪ್ ಮಾತ್ರ ತಣ್ಣಗಿದೆ.’ ಕೂಲರ್‌ಗೆ ಆಯಿಲ್ ಹೋಗ್ತಾನೇ ಇರಲಿಲ್ಲ, ಥರ್ಮೋಸ್ಟ್ಯಾಟ್ ವಾಲ್ವ್ ಸಿಕ್ಕಾಕೊಂಡಿತ್ತು. ಬಿಚ್ಚಿಟ್ಟ ಸ್ಟ್ಯಾಂಡ್‌ಬೈನಲ್ಲಿ ಅದೇ ವಾಲ್ವ್ ಇತ್ತು, ಅದು ಸ್ಟೋರ್ಸ್ ಒಳಗೆ ಬೀಗದಲ್ಲಿತ್ತು. ಸ್ಟೋರ್ಸ್‌ನವರು ಮೂರೂವರೆಗೆ ನೆಲಮಂಗಲದಿಂದ ಟಿವಿಎಸ್‌ನಲ್ಲಿ ಬಂದ್ರು, ಲುಂಗಿಲೇ. ಐದೂ ಮುಕ್ಕಾಲಿಗೆ ಗಾಳಿ ಬಂತು. ಆರಕ್ಕೆ ಫಸ್ಟ್ ಶಿಫ್ಟ್‌ನವರು ಬಂದಾಗ ಏನೂ ಆಗೇ ಇಲ್ಲ ಅನ್ನೋ ಹಾಗೆ ಲೈನ್ ಓಡ್ತಿತ್ತು. ಈ ಶೀಲ್ಡ್ ಆ ರಾತ್ರಿದು. ನಮ್ಮ ಟೀಮಿನ ಮೂರು ಜನ ಈಗಲೂ ಡ್ಯೂಟಿಲಿದ್ದಾರೆ, ಯಾಕಂದ್ರೆ ಕಂಪ್ರೆಸರ್‌ಗೆ ಆನ್ಯುವಲ್ ಡೇ ಇಲ್ಲ. ಅವರ ಪರವಾಗಿ, ಇಲ್ಲಿ ನಿಂತಿರೋರ ಪರವಾಗಿ, ಥ್ಯಾಂಕ್ಸ್.”

ಎರಡು ನಿಮಿಷ ಐವತ್ತು ಸೆಕೆಂಡು. ‘ಗಾಳಿನೇ ಇಲ್ವಲ್ಲ’ ಅಂದಾಗ ಹಾಲ್ ಪೂರ್ತಿ ನಕ್ಕಿತು. ‘ಲುಂಗಿಲೇ’ ಅಂದಾಗ ಸ್ಟೋರ್ಸ್‌ನವರು ಮುಖ ಮುಚ್ಚಿಕೊಂಡರು. ಯಾರೂ ಎಲೆ ಕಡೆ ಓಡಲಿಲ್ಲ. ಹರಿಕಥೆ ಅಂದಿದ್ದ ದೋಸ್ತ್ ಕೆಳಗೆ ಬಂದು ಕೈ ಕುಲುಕಿದ, ಏನೂ ಅನ್ನಲಿಲ್ಲ. ನನಗೆ ಅಷ್ಟು ಸಾಕಿತ್ತು.

ಈಗ ನೀವು ಕೇಳುವ ಪ್ರಶ್ನೆ ಗೊತ್ತು: ಕಥೆಯಲ್ಲಿ ಬಂದದ್ದು ನಾಲ್ಕು ಜನ, ಉಳಿದವರ ಗತಿ? ನಮ್ಮಲ್ಲಿ ಪರ್ಮನೆಂಟ್ ಹದಿನೇಳು, ಕಾಂಟ್ರ್ಯಾಕ್ಟ್ ನಾಲ್ಕು, ಜೊತೆಗೆ ಹೌಸ್‌ಕೀಪಿಂಗ್ ಅಕ್ಕ. ಹಿಂದಿನ ಎರಡು ದಿನ ಶಿಫ್ಟ್ ಬದಲಾಗುವ ಹೊತ್ತಲ್ಲಿ ನಿಂತು, ಹೆಸರು ಬಾರದ ಒಬ್ಬೊಬ್ಬರಿಗೂ ಮುಖಾಮುಖಿ ಹೇಳಿದೆ: “ನಾಳೆ ನಿಮ್ಮ ಹೆಸರು ತಗೊಳ್ಳಲ್ಲ, ಈ ಕಥೆ ಹೇಳ್ತೀನಿ, ಸರಿನಾ?” ಎಲ್ಲರಿಗಿಂತ ಮೊದಲು ಕೇಳಿದ್ದು ವೆಲ್ಡರನ್ನ. “ಹೆಸರಿನ ಲಿಸ್ಟೇ ಓದಲ್ಲ ಅಂದ್ರೆ ಬೇಜಾರಿಲ್ಲ ಸಾರ್, ಹದಿನಾಲ್ಕು ಹೇಳಿ ಒಂದು ಬಿಟ್ರೆ ಬೇಜಾರು” ಅಂದ. ಮೂರು ವರ್ಷದ ಬಾಕಿ ಅಲ್ಲಿಗೆ ಚುಕ್ತಾ ಆಯಿತು ಅಂದುಕೊಂಡಿದ್ದೇನೆ. ಒಬ್ಬ ಎಲೆಕ್ಟ್ರಿಷಿಯನ್ ಮಾತ್ರ ಒಪ್ಪಲಿಲ್ಲ, ಪ್ಯಾನಲ್ ಕೆಲಸದ ಕಥೆ ಯಾಕೆ ಬೇಡ ಅಂತ ಹಟ ಹಿಡಿದ. ಅವನನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಬರೆಯುವುದಿಲ್ಲ, ಮುಂದಿನ ವರ್ಷ ಬೇಕಾಗುತ್ತದೆ.

ಪ್ರಯೋಗಗಳೂ ಒಂದಷ್ಟು ನಡೆದವು. ಮೊದಲು ಇಂಗ್ಲಿಷಿನಲ್ಲಿ ಬರೆದು ನೋಡಿದೆ. ‘ಗಾಳಿನೇ ಇಲ್ವಲ್ಲ’ ಇಂಗ್ಲಿಷಿಗೆ ಹೋದ ತಕ್ಷಣ ಸತ್ತುಹೋಯಿತು, ಅಲ್ಲಿಗೆ ಬಿಟ್ಟೆ. ಡ್ಯೂಟಿಯಲ್ಲಿದ್ದ ಮೂವರಿಗೆ ವೇದಿಕೆಯಿಂದಲೇ ಫೋನ್ ಮಾಡಿ ಮೈಕಿಗೆ ಹಿಡಿಯುವ ಐಡಿಯಾ ಬಂತು. ಸಂಜೆ ನಾಲ್ಕಕ್ಕೆ ಮಂಟಪಕ್ಕೆ ಹೋಗಿ ಟ್ರಯಲ್ ನೋಡಿದಾಗ ಸ್ಪೀಕರ್ ಕೀ ಅಂತ ಕೂಗಿ ಸೌಂಡ್ ಹುಡುಗ ನನ್ನನ್ನೇ ದುರುಗುಟ್ಟಿ ನೋಡಿದ. ಆದರೆ ಆ ಟ್ರಯಲ್‌ನಿಂದ ಒಂದು ಲಾಭವಾಯಿತು. ಖಾಲಿ ಮಂಟಪದಲ್ಲಿ ಒಂದು ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಅದು ಬರುವ ಮುಂಚೆ ಮುಂದಿನ ಮಾತು ಹಾಕಿದರೆ ಎರಡೂ ಕಲಸಿಹೋಗುತ್ತವೆ. ಮನೆಯಲ್ಲಿ ಫೋನಿಗೆ ರೆಕಾರ್ಡ್ ಮಾಡಿದಾಗ ಎರಡು ನಿಮಿಷಕ್ಕೆ ಮುಗಿದದ್ದು ಅಲ್ಲಿ ಮೂರರ ಹತ್ತಿರ ಹೋಗಲು ಇದೇ ಕಾರಣ. ಮನೆಯ ಲೆಕ್ಕ ನಂಬಿ ಇನ್ನೂ ನಾಲ್ಕು ಸಾಲು ಸೇರಿಸಿದ್ದೆ, ಅವತ್ತೇ ತೆಗೆದೆ. ಮೂರು ನಿಮಿಷ ಕಡಿಮೆಯಾಯಿತು ಅಂತ ಮನೆಯಲ್ಲಿ ಗೊಣಗಿದ್ದಕ್ಕೆ ಮಗಳು, ಆಸ್ಕರ್‌ನಲ್ಲೇ 45 ಸೆಕೆಂಡ್ ಅಪ್ಪ ಅಂದಳು. ಇರಬಹುದು, ಅವರಿಗೆ ಕಂಪ್ರೆಸರ್ ಇಲ್ಲ.

ಕೈಯ ಸಮಸ್ಯೆಗೆ ಉಪಾಯ ಸುಲಭದ್ದು. ಶೀಲ್ಡನ್ನು ನಾನು ತಗೊಳ್ಳಲೇ ಇಲ್ಲ, ಅಪ್ರೆಂಟಿಸ್ ಹುಡುಗ ತಗೊಂಡ. ಅದು ಮೂರು ಕೆಜಿ ಮೇಲಿತ್ತು, ಫೋಟೋ ಮುಗಿಯುವಷ್ಟರಲ್ಲಿ ಅವನ ಕೈ ನಡುಗುತ್ತಿತ್ತು. ಚೀಟಿಯೂ ಇರಲಿಲ್ಲ. ಅಂಗೈ ಮೇಲೆ ಪೆನ್ನಿನಲ್ಲಿ ನಾಲ್ಕೇ ಪದ ಬರೆದುಕೊಂಡಿದ್ದೆ: ಗಾಳಿ, ಬ್ಲೋವರ್, ಪೈಪ್, ಲುಂಗಿ.

ದುಡ್ಡನ್ನು ಈ ಸಲ ಮುಂಚೆಯೇ ಮಾತಾಡಿಕೊಂಡೆ. ಬಹುಮಾನ 35,000. ನನ್ನ ಸಂಬಳಕ್ಕೆ ಹಾಕಬೇಡಿ, ತಲೆಗೊಂದು ಗಿಫ್ಟ್ ವೋಚರ್ ಮಾಡಿ ಅಂತ ಪತ್ರ ಕೊಟ್ಟೆ. ವರ್ಷಕ್ಕೆ ಒಂದು ಮಿತಿಯೊಳಗಿನ ಗಿಫ್ಟ್ ವೋಚರ್‌ಗೆ ತೆರಿಗೆ ಇಲ್ಲ ಅಂತ ಅಕೌಂಟ್ಸ್‌ನವರೇ ಹಿಂದೆ ಹೇಳಿದ್ದರು, ಆ ಮಾತನ್ನೇ ಅವರಿಗೆ ವಾಪಸ್ ಕೊಟ್ಟೆ. ಕಾಂಟ್ರ್ಯಾಕ್ಟ್‌ನವರಿಗೆ ಮತ್ತು ಅಕ್ಕನಿಗೆ ಕೊಡಲು ಅವರು ಮೊದಲು ಒಪ್ಪಲಿಲ್ಲ, ಲಿಸ್ಟಿನಲ್ಲಿ ಇಲ್ಲ ಅಂದರು. ಭಾಷಣ ಆದ ಸೋಮವಾರ ಮತ್ತೆ ಹೋದಾಗ ತಕರಾರು ಮಾಡಲಿಲ್ಲ. ಬ್ಲೋವರ್ ಅಕ್ಕ ಯಾರು ಅಂತ ಆಗ ಎಲ್ಲರಿಗೂ ಗೊತ್ತಿತ್ತಲ್ಲ. ಇಪ್ಪತ್ತೆರಡು ಜನಕ್ಕೆ ತಲಾ 1,500, ಉಳಿದ ಎರಡು ಸಾವಿರಕ್ಕೆ ಮೈಸೂರ್ ಪಾಕ್.

ಒಂದು ತಪ್ಪು ಮಾತ್ರ ಈ ಸಲವೂ ಉಳಿಯಿತು. ಪ್ಲಾಂಟ್ ಹೆಡ್ ಹೆಸರನ್ನು ಎಲ್ಲೂ ಹೇಳಲಿಲ್ಲ. ಊಟದ ಸಾಲಿನಲ್ಲಿ ಪಕ್ಕದಲ್ಲೇ ಸಿಕ್ಕರು. “ಏನ್ರೀ, ನನಗೆ ಒಂದು ಥ್ಯಾಂಕ್ಸೂ ಇಲ್ವಾ?” ಅಂದರು. “ಆ ರಾತ್ರಿ ನೀವು ಮಲಗಿದ್ರಿ ಸಾರ್” ಅಂತ ಬಾಯಿ ತಪ್ಪಿ ಬಂತು. ಜೋರಾಗಿ ನಕ್ಕರು. ಏಪ್ರಿಲ್‌ನಲ್ಲಿ ಅಪ್ರೈಸಲ್ ಇದೆ.