ಇಂಚಿನ ಮಳೆ, ಮೈಲಿಯ ಗಾಳಿ: ಅಮೆರಿಕಕ್ಕೆ ಹೊರಟ ನಮ್ಮ ಊರಿನ ಮಕ್ಕಳಿಗೆ

ಆಗಸ್ಟ್ ಬಂತೆಂದರೆ ಉಡುಪಿ, ಮಣಿಪಾಲ, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಸೂಟ್‌ಕೇಸ್ ತೂಕ ನೋಡುವ ಕೆಲಸ ಶುರುವಾಗುತ್ತದೆ. ಮಕ್ಕಳು ಓದಲಿಕ್ಕೆ ಅಮೆರಿಕಕ್ಕೆ ಹೊರಡುತ್ತಾರೆ. ನಾನು ನ್ಯೂಜೆರ್ಸಿಯಲ್ಲಿ ನೆಲೆಸಿ ಬಹಳ ವರ್ಷವಾಯಿತು. ಮಳೆಗಾಲದಲ್ಲಿ ಊರಿಗೆ ಬಂದಾಗ ಈ ಮಕ್ಕಳಿಗೂ ಅವರ ಅಪ್ಪ ಅಮ್ಮನಿಗೂ ಹೇಳುವ ಒಂದು ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ವೀಸಾ, ಬ್ಯಾಂಕ್ ಖಾತೆ, ಫೋನ್ ನಂಬರ್, ಇವನ್ನೆಲ್ಲ ಕಾಲೇಜಿನವರು ಹೇಳಿಕೊಡುತ್ತಾರೆ. ಮಳೆಯ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ಅಟ್ಲಾಂಟಿಕ್ ಕರಾವಳಿಯಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದು ಜೋರಾಗುವುದೇ ಆಗಸ್ಟ್ ಕೊನೆಯಿಂದ. ಅಂದರೆ ನೀವು ಹೋಗಿ ಇಳಿಯುವ ಹೊತ್ತಿಗೆ.

ಅಲ್ಲಿ ಮಳೆಗೆ ಇಂಚು, ಗಾಳಿಗೆ ಗಂಟೆಗೆ ಮೈಲಿ. ಪರಿವರ್ತನೆ ಕಷ್ಟವಲ್ಲ. ಒಂದು ಇಂಚು ಅಂದರೆ 25.4 ಮಿ.ಮೀ. ಬಾಯಿಲೆಕ್ಕಕ್ಕೆ 25 ಸಾಕು: ಇಂಚಿಗೆ ಎರಡು ಸೊನ್ನೆ ಸೇರಿಸಿ ನಾಲ್ಕರಿಂದ ಭಾಗಿಸಿ. 3 ಇಂಚು 300 ಆಯಿತು, ನಾಲ್ಕರಿಂದ ಭಾಗಿಸಿದರೆ 75 ಮಿ.ಮೀ. ಸರಿಯಾದ ಉತ್ತರ 76.2, ಅಷ್ಟೇ ವ್ಯತ್ಯಾಸ. ಮೈಲಿಗೆ ಅದರ ಅರ್ಧ ಸೇರಿಸಿ, ಮತ್ತೆ ಹತ್ತನೇ ಒಂದು ಪಾಲು ಸೇರಿಸಿ. 40 ಮೈಲಿ, ಅದಕ್ಕೆ 20, ಮತ್ತೆ 4. ಒಟ್ಟು 64 ಕಿ.ಮೀ.

ಇಂಚು ನಮಗೆ ಪೂರ್ತಿ ಹೊಸದೇನೂ ಅಲ್ಲ. ಘಟ್ಟದ ಮೇಲೆ ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರು ಇವತ್ತಿಗೂ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲೇ ಹೇಳುತ್ತಾರೆ. 50 ಸೆಂಟ್ ಅಂದರೆ ಅರ್ಧ ಇಂಚು. ಆಗುಂಬೆಯ ಮಳೆಯನ್ನು ಇಂಚಿನಲ್ಲಿ ಹೇಳುವ ಅಜ್ಜಂದಿರು ನಮ್ಮ ಕಡೆಯೂ ಇದ್ದಾರೆ. ಸೆಂಟಿಮೀಟರ್‌ನಲ್ಲಿ ಬೆಳೆದವರು ನಾವು.

ಲೆಕ್ಕಕ್ಕಿಂತ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ: ಎರಡೂವರೆ, ನಾಲ್ಕೂವರೆ, ಎಂಟು. ನಮ್ಮ ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ ಅನ್ನುತ್ತದೆ. 115.6 ದಾಟಿದರೆ ಅತಿ ಭಾರಿ. 204.4ಕ್ಕಿಂತ ಜಾಸ್ತಿಯಾದರೆ ಅತ್ಯಂತ ಭಾರಿ. ಇವನ್ನು ಇಂಚಿಗೆ ತಂದರೆ ಹೆಚ್ಚುಕಡಿಮೆ 2.5, 4.5 ಮತ್ತು 8. ಆರೆಂಜ್ ಅಲರ್ಟ್, ರೆಡ್ ಅಲರ್ಟ್, ನಾಳೆ ಶಾಲೆಗೆ ರಜೆಯಾ ಅಂತ ಜಿಲ್ಲಾಧಿಕಾರಿಗಳ ಆದೇಶಕ್ಕೆ ಕಾದು ಕೂತ ನಮಗೆ ಈ ಮಟ್ಟಗಳು ಯಾವುವು ಅಂತ ಮೈಗೇ ಗೊತ್ತಿರುತ್ತದೆ.

ಅಪಾಯ ಇರುವುದೂ ಅಲ್ಲಿಯೇ. ಇಂಚನ್ನು ಸರಿಯಾಗಿ ಮಿಲಿಮೀಟರ್ ಮಾಡಿದ ಮೇಲೆ ನಮ್ಮ ಕರಾವಳಿಯ ಮೈ ಹೇಳುತ್ತದೆ: ಇಷ್ಟೇನಾ? ಉಡುಪಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿ.ಮೀ. ದಾಟುವುದು ಸಾಮಾನ್ಯ. ನ್ಯೂಯಾರ್ಕ್‌ನಲ್ಲಿ ವರ್ಷವಿಡೀ ಬೀಳುವುದು ಸುಮಾರು 50 ಇಂಚು, ಅಂದರೆ 1,270 ಮಿ.ಮೀ. ಆಸುಪಾಸು. ಅದೂ ಹನ್ನೆರಡು ತಿಂಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿರುತ್ತದೆ. ಹೀಗಿರುವಾಗ 7 ಇಂಚು ಮಳೆ ಅಂದರೆ ನಮ್ಮವರು ಹೆದರುವುದಿಲ್ಲ. ಹೆದರಬೇಕು. ಯಾಕೆ ಅಂತ ಒಂದು ರಾತ್ರಿಯ ಲೆಕ್ಕ ಹೇಳುತ್ತೇನೆ.

2021ರ ಆಗಸ್ಟ್ 29ರಂದು ಐಡಾ ಎಂಬ ಚಂಡಮಾರುತ ಲೂಸಿಯಾನಾದ ತೀರಕ್ಕೆ ಅಪ್ಪಳಿಸಿತು. ಗಾಳಿ ಗಂಟೆಗೆ 150 ಮೈಲಿ, ಅಂದರೆ 240 ಕಿ.ಮೀ. ಕೆಟಗರಿ 4. ನ್ಯೂಜೆರ್ಸಿ, ನ್ಯೂಯಾರ್ಕ್ ಅಲ್ಲಿಂದ ಸಾವಿರಾರು ಕಿ.ಮೀ. ದೂರ. ಸೆಪ್ಟೆಂಬರ್ 1ರ ಸಂಜೆ ಅದು ನಮ್ಮ ಕಡೆ ಬರುವಾಗ ಚಂಡಮಾರುತ ಅನ್ನುವ ಹೆಸರೇ ಉಳಿದಿರಲಿಲ್ಲ. ಕೆಲವು ಕಡೆ ಸುಂಟರಗಾಳಿ ಎದ್ದದ್ದು ಬಿಟ್ಟರೆ ಗಾಳಿಯ ಅಬ್ಬರ ಇಳಿದಿತ್ತು. ಗಾಳಿಯ ಸಂಖ್ಯೆಯನ್ನು ಮಾತ್ರ ನೋಡುತ್ತಿದ್ದವರಿಗೆ ದೊಡ್ಡದು ದಾಟಿಹೋಯಿತು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆ ದಿನ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದ ಮಳೆ 7.13 ಇಂಚು. 25.4ರಿಂದ ಗುಣಿಸಿದರೆ 181 ಮಿ.ಮೀ. ನಮ್ಮ ಇಲಾಖೆಯ ಪಟ್ಟಿಯಲ್ಲಿ ಅತಿ ಭಾರಿ, ಆದರೆ ಅತ್ಯಂತ ಭಾರಿ ಅಲ್ಲ. ಮಂಗಳೂರಿನಲ್ಲಿ ಕೂತು ಓದಿದವರು ಈ ಒಂದು ಸಂಖ್ಯೆಯಿಂದ ಏನೂ ತಿಳಿಯಲಾರರು. ತಿಳಿಯಬೇಕಾದದ್ದು ಇನ್ನೊಂದು ಸಂಖ್ಯೆ. ರಾತ್ರಿ ಒಂಬತ್ತರ ಆಸುಪಾಸಿನ ಒಂದೇ ಗಂಟೆಯಲ್ಲಿ 3.15 ಇಂಚು ಸುರಿದಿತ್ತು. ಅಂದರೆ 80 ಮಿ.ಮೀ. ಇಲ್ಲಿ ಗಂಟೆಗೆ 100 ಮಿ.ಮೀ. ಬಿದ್ದರೆ ಮೇಘಸ್ಫೋಟ ಅನ್ನುತ್ತೇವೆ, ಅದರ ಹತ್ತಿರಕ್ಕೆ ಬಂದಿತ್ತು. ನ್ಯೂಯಾರ್ಕ್ ನಗರದ ಚರಂಡಿಗಳನ್ನು ಗಂಟೆಗೆ 1.75 ಇಂಚು, ಅಂದರೆ ಸುಮಾರು 44 ಮಿ.ಮೀ. ಹೊರುವಂತೆ ಕಟ್ಟುತ್ತಾರೆ. ಉಳಿದ 36 ಮಿ.ಮೀ. ಎಲ್ಲಿಗೆ ಹೋಗಬೇಕು? ರಸ್ತೆ, ಸಬ್‌ವೇ, ನೆಲಮಾಳಿಗೆ. ನಗರದಲ್ಲಿ ಆ ರಾತ್ರಿ ನೆಲಮಾಳಿಗೆಯ ಮನೆಗಳಲ್ಲೇ 11 ಜನ ಮುಳುಗಿ ಸತ್ತರು. ನ್ಯೂಜೆರ್ಸಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಕಾರಿನಲ್ಲಿ ಸಿಕ್ಕಿಬಿದ್ದವರು.

ನಮ್ಮ ಊರು ಹೆಚ್ಚು ಮಳೆ ತಡೆದುಕೊಳ್ಳುವುದಕ್ಕೆ ಕಾರಣಗಳಿವೆ. ಮನೆಯ ಪಂಚಾಂಗ ಎತ್ತರ. ಅಂಗಳ ದಾಟಿದರೆ ತೋಡು, ತೋಡು ದಾಟಿದರೆ ಹೊಳೆ, ಸಮುದ್ರ. ಮುರಕಲ್ಲಿನ ನೆಲ ಒಂದಿಷ್ಟು ಕುಡಿಯುತ್ತದೆ. ಕೆಳಗೆ ಯಾರೂ ವಾಸ ಮಾಡುವುದಿಲ್ಲ. ಇವು ಇಲ್ಲದ ಕಡೆ ನಾವೂ ಮುಳುಗಿದ್ದೇವೆ, 2018ರ ಮೇ 29ರಂದು ಮಂಗಳೂರಿನ ಕೊಟ್ಟಾರ ಚೌಕಿ ಹೇಗಿತ್ತು ಅಂತ ನೋಡಿದವರಿಗೆ ಗೊತ್ತು. ಅಮೆರಿಕದ ನಗರದಲ್ಲಿ ಡಾಂಬರು, ಕಾಂಕ್ರೀಟ್ ಬಿಟ್ಟರೆ ನೀರಿಗೆ ಜಾಗ ಕಡಿಮೆ. ಅದಕ್ಕೇ ಅಲ್ಲಿನ ಇಂಚನ್ನು ಮಿಲಿಮೀಟರ್ ಮಾಡಿ ಇಲ್ಲಿನ ಅನುಭವದ ಮೇಲೆ ಇಟ್ಟು ತೂಗಬೇಡಿ. ಮೊದಲು ಕೇಳಬೇಕಾದ್ದು ಎಷ್ಟು ಹೊತ್ತಿನಲ್ಲಿ ಅಂತ.

ಮುನ್ಸೂಚನೆಯಲ್ಲಿ ಅದು ಬರೆದಿರುತ್ತದೆ, ಹುಡುಕಬೇಕು. ಸರ್ಕಾರದ weather.gov ಮುನ್ಸೂಚನೆಯಲ್ಲಿ ಹಗಲು ಒಂದು ಭಾಗ, ರಾತ್ರಿ ಒಂದು ಭಾಗ. ಅಲ್ಲಿ ಒಂದರಿಂದ ಎರಡು ಇಂಚು ಅಂತಿದ್ದರೆ ಅದು ಆ ಸುಮಾರು 12 ಗಂಟೆಯ ಮೊತ್ತ. ನೆಂದುಹೋಗುತ್ತೀರಿ, ಅಷ್ಟೇ. ಅದೇ ಒಂದರಿಂದ ಎರಡು ಇಂಚು ಫ್ಲ್ಯಾಶ್ ಫ್ಲಡ್ ವಾರ್ನಿಂಗ್‌ನಲ್ಲಿ ಗಂಟೆಯ ಲೆಕ್ಕದಲ್ಲಿ ಬಂದರೆ ಕತೆಯೇ ಬೇರೆ: ಗಂಟೆಗೆ 25ರಿಂದ 50 ಮಿ.ಮೀ., ಚರಂಡಿಯ ಮಿತಿಯ ಹತ್ತಿರ ಅಥವಾ ಮೀರಿ. ವಾಚ್ ಅಂದರೆ ಆಗಬಹುದು. ವಾರ್ನಿಂಗ್ ಅಂದರೆ ಆಗುತ್ತಿದೆ, ಇಲ್ಲವೇ ಇನ್ನೇನು ಆಗಲಿದೆ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮಿ.ಮೀ., ಕಿ.ಮೀ. ಮಾಡಿಕೊಳ್ಳಬಹುದು. ಆದರೆ ರಾತ್ರಿ ಫೋನ್ ಕಿರುಚಿ ಬರುವ ಎಚ್ಚರಿಕೆ ನಿಮ್ಮ ಸೆಟ್ಟಿಂಗ್ಸ್ ಕೇಳುವುದಿಲ್ಲ. ಅದಕ್ಕಾಗಿಯಾದರೂ ಇಂಚನ್ನು ಬಾಯಿಲೆಕ್ಕದಲ್ಲಿ ಕಲಿತಿರಿ.

ಅಂದ ಹಾಗೆ, ರಸ್ತೆಯ ಮೇಲೆ ನಿಂತ ನೀರನ್ನೂ ಅವರು ಇಂಚಿನಲ್ಲೇ ಹೇಳುತ್ತಾರೆ. ಮಳೆಯ ಇಂಚೇ ಬೇರೆ, ನೀರಿನ ಆಳದ ಇಂಚೇ ಬೇರೆ. ಸುತ್ತಲಿನ ಮೂರು ಇಂಚು ಮಳೆ ಒಂದು ಅಂಡರ್‌ಪಾಸ್‌ಗೆ ಹರಿದು ಬಂದರೆ ಅಲ್ಲಿ ಆಳುದ್ದ ನಿಲ್ಲಬಹುದು. ಹರಿಯುವ ನೀರು 6 ಇಂಚು, ಅಂದರೆ 15 ಸೆಂ.ಮೀ. ಇದ್ದರೆ ದೊಡ್ಡವರನ್ನೂ ಬೀಳಿಸಬಲ್ಲದು. 12 ಇಂಚು, 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲಿಹೋಗಬಹುದು. ಊರಿನಲ್ಲಿ ಮೊಣಕಾಲು ನೀರಿನಲ್ಲಿ ಬೈಕ್ ದಾಟಿಸಿದ ಧೈರ್ಯವನ್ನು ಅಲ್ಲಿ ತೋರಿಸಬೇಡಿ ಮಾರಾಯ್ರೇ.

ನನಗೆ ನಿಜಕ್ಕೂ ಸಂಕಟವಾಗುವುದು ನೆಲಮಾಳಿಗೆಯ ಬಾಡಿಗೆ ನೋಡಿದಾಗ. ಬಾಡಿಗೆ ಕಡಿಮೆ ಅಂತ ನಮ್ಮ ಮಕ್ಕಳು ಅಲ್ಲಿಗೇ ಹೋಗುತ್ತಾರೆ. ಹಣದ ಕಷ್ಟ ನನಗೆ ಅರ್ಥವಾಗುತ್ತದೆ. ಹೋಗಲೇಬೇಕಾದರೆ ಎರಡು ದಾರಿ ಇದೆಯಾ ನೋಡಿ, ಮನುಷ್ಯ ಹತ್ತಿ ಹೊರಬರುವಷ್ಟು ಕಿಟಕಿ ಇದೆಯಾ ನೋಡಿ. ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ಇನ್ನೂ ಕಷ್ಟ. 90 ಸೆಂ.ಮೀ. ಅಗಲದ ಬಾಗಿಲಿನ ಹೊರಗೆ ಎರಡು ಅಡಿ ನೀರು ನಿಂತರೆ ಅದರ ಮೇಲೆ 150 ಕೆ.ಜಿ.ಗೂ ಜಾಸ್ತಿ ಒತ್ತಡ ಬೀಳುತ್ತದೆ. ವಾರ್ನಿಂಗ್ ಬಂದ ರಾತ್ರಿ ಹಾಸಿಗೆ ಬಿಟ್ಟು ಮೇಲಿನ ಮಹಡಿಗೆ ಹೋಗಿ, ಯಾರ ಮನೆಯಾದರೂ ಸರಿ, ಬಾಗಿಲು ತಟ್ಟಿ. ಸಂಕೋಚ ಬೇಡ. ಬಾಡಿಗೆದಾರರ ವಿಮೆ ಸಾಮಾನ್ಯವಾಗಿ ಪ್ರವಾಹದ ನಷ್ಟಕ್ಕೆ ಹಣ ಕೊಡುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು.

ಗಾಳಿಯ ಲೆಕ್ಕ ಸುಲಭ, ಹೆಚ್ಚುಕಡಿಮೆ ಹೊಂದುತ್ತದೆ. ಅವರ ಟ್ರಾಪಿಕಲ್ ಸ್ಟಾರ್ಮ್ 39 ಮೈಲಿಗೆ, ಅಂದರೆ 63 ಕಿ.ಮೀ.ಗೆ ಶುರು. ನಮ್ಮಲ್ಲಿ ಚಂಡಮಾರುತ ಅನ್ನುವುದು 62ರಿಂದ. ಅವರ ಹರಿಕೇನ್ 74 ಮೈಲಿಗೆ, ಅಂದರೆ 119 ಕಿ.ಮೀ.ಗೆ. ನಮ್ಮ ಅತಿ ತೀವ್ರ ಚಂಡಮಾರುತ 118ಕ್ಕೆ. ಒಂದು ಚಿಕ್ಕ ವ್ಯತ್ಯಾಸವಿದೆ. ಅಲ್ಲಿ ಒಂದು ನಿಮಿಷದ ಸರಾಸರಿ ಗಾಳಿಯನ್ನು ಹೇಳುತ್ತಾರೆ, ಇಲ್ಲಿ ಮೂರು ನಿಮಿಷದ ಸರಾಸರಿಯನ್ನು. ಅದೇ ಗಾಳಿಗೆ ಅವರ ಸಂಖ್ಯೆ ಸ್ವಲ್ಪ ಮೇಲೆ ಇರುತ್ತದೆ. ಮುಖ್ಯವಾಗಿ, ಕೆಟಗರಿ ಅನ್ನುವುದು ಬರೀ ಗಾಳಿಯ ಅಳತೆ. ಮಳೆ ಎಷ್ಟು ಅಂತ ಅದು ಹೇಳುವುದಿಲ್ಲ. ಐಡಾ ನಮ್ಮ ಕಡೆ ಬಂದಾಗ ಕೆಟಗರಿಯೇ ಇರಲಿಲ್ಲ.

ಚಳಿಗಾಲದಲ್ಲಿ 10 ಇಂಚು ಹಿಮ ಅಂತ ಬಂದರೆ 250 ಮಿ.ಮೀ. ಮಳೆ ಅಂದುಕೊಳ್ಳಬೇಡಿ. ಕರಗಿದರೆ ಸಾಧಾರಣವಾಗಿ ಒಂದು ಇಂಚು ನೀರು. ಹಗುರ ಹಿಮವಾದರೆ ಇನ್ನೂ ಕಡಿಮೆ, ಒದ್ದೆ ಹಿಮವಾದರೆ ಜಾಸ್ತಿ.

ಅಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಇಂಚು ಸಹಜ. ಫೋನಿನಲ್ಲಿ ಉಡುಪಿಯ ಅಜ್ಜಿ ಇವತ್ತು 12 ಸೆಂಟಿಮೀಟರ್ ಬಿತ್ತು ಮಗಾ ಅಂದರೆ ಮೊಮ್ಮಗಳಿಗೆ ಅದು ಬರೀ ಒಂದು ಸಂಖ್ಯೆ. ಗದ್ದೆಯಂಚು ಮುಳುಗಿತು, ಹಂಚು ಸೋರಿತು, ನಾಳೆ ಶಾಲೆ ಇಲ್ಲ, ಇವೆಲ್ಲ ಆ 12ರ ಒಳಗೆ ಇರುವುದು ಅವಳಿಗೆ ಗೊತ್ತಿಲ್ಲ. ಅದನ್ನು ಯಾವ ಲೆಕ್ಕದಿಂದಲೂ ದಾಟಿಸಲಿಕ್ಕೆ ಆಗುವುದಿಲ್ಲ, ನನಗೆ ಇದು ಬೇಸರದ ವಿಷಯವೇ. ಆದರೂ ನಾನು ಮಗಳಿಗೆ ಹೇಳಿಕೊಟ್ಟಿದ್ದೇನೆ: ಅಜ್ಜಿ ಹೇಳಿದ ಸೆಂಟಿಮೀಟರ್‌ಗೆ ಎರಡೂವರೆಯಿಂದ ಭಾಗಿಸು. ಸುಮಾರು ಐದು ಇಂಚು ಅಂತ ಅವಳು ಕಣ್ಣರಳಿಸಿದಳು.

ಊರಿನಲ್ಲಿರುವ ಅಪ್ಪ ಅಮ್ಮನಿಗೂ ಒಂದು ಮಾತು. ಟಿವಿಯಲ್ಲಿ 150 ಮೈಲಿ ಅಂತ ಬಂದ ಕೂಡಲೇ ಹೆದರಿ ಫೋನ್ ಮಾಡುವ ಮೊದಲು ಮಗ ಇರುವ ಊರಿನ ಹೆಸರು ಹಾಕಿ ಮುನ್ಸೂಚನೆ ನೋಡಿ. ಅಲ್ಲಿ ಮಳೆ ಇದ್ದರೆ ಮಗನನ್ನು ಎರಡು ವಿಷಯ ಕೇಳಿ: ಗಂಟೆಗೆ ಎಷ್ಟು ಇಂಚು ಅಂತ ಹೇಳಿದ್ದಾರೆ, ನೀನು ಮಲಗುವ ಕೋಣೆ ಎಷ್ಟನೇ ಮಹಡಿಯಲ್ಲಿದೆ? ಮೊದಲನೆಯದಕ್ಕೆ ಒಂದಕ್ಕಿಂತ ಮೇಲೆ, ಎರಡನೆಯದಕ್ಕೆ ನೆಲದ ಕೆಳಗೆ ಅಂತ ಉತ್ತರ ಬಂದರೆ, ಫೋನ್ ಇಡಬೇಡಿ. ಅವನು ಮೆಟ್ಟಿಲು ಹತ್ತುವವರೆಗೆ ಮಾತಾಡುತ್ತಾ ಇರಿ.